ಯಾರ ಊರಿನ ಎಂಟೂವರೆ? ದೂರದ ಮನೆಮಂದಿಗೆ ಕಾಲ್ ಟೈಮ್ ಬರೆಯುವ ಬಗೆ

ಒಂದು ಫೆಬ್ರುವರಿಯ ಶನಿವಾರ, ರಾತ್ರಿ ಹತ್ತೂವರೆ. ಕಲಬುರಗಿಯ ನಮ್ಮ ಮನೆಯಿಂದ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಹಾಕಿ ಮಲಗಿದೆ: "ನಾಳಿ ಮುಂಜಾನಿ 8:30ಕ್ಕ ಎಲ್ಲಾರೂ ಕಾಲಿಗೆ ಬರ್ರಿ, ತಂಗಿ ನಿಶ್ಚಯದ ಬಗ್ಗೆ ಮಾತಾಡೋದದ." ಮುಂಜಾನೆ ಎದ್ದು ನೋಡಿದರೆ ಎಲ್ಲರ ಹೆಬ್ಬೆರಳೂ ಬಂದಿತ್ತು. ಆಯಿ ಸ್ನಾನ ಮುಗಿಸಿ, ಇಳಕಲ್ ಸೀರೆ ಉಟ್ಟು ಫೋನಿನ ಮುಂದೆ ಕೂತಳು. ದುಬೈಯಿಂದ ಕಾಕಾ ಬಂದ. ಡಲ್ಲಾಸಿನ ತಮ್ಮನೂ ಇಲ್ಲ, ಮೆಲ್ಬರ್ನಿನ ಅಕ್ಕನೂ ಇಲ್ಲ. ಒಂದು ತಾಸು ಕಾದೆವು.

ಅವರಿಬ್ಬರೂ ಬಂದರು, ಆದರೆ ಸೋಮವಾರ ಮುಂಜಾನೆ ಎಂಟೂವರೆಗೆ. ಹೇಳಿದ ಟೈಮಿಗೆ ಸರಿಯಾಗಿ ಬಂದು, ಇಬ್ಬರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರಂತೆ. ನಾನು ಆಗ ಬಸ್ಸಿನಲ್ಲಿದ್ದೆ.

ತಪ್ಪು ಅವರದ್ದಲ್ಲ. ನಾನು ಮೆಸೇಜ್ ಹಾಕಿದಾಗ ಡಲ್ಲಾಸಿನಲ್ಲಿ ಇನ್ನೂ ಶನಿವಾರ ಮುಂಜಾನೆ 11. ತಮ್ಮನ "ನಾಳೆ" ಅಂದರೆ ರವಿವಾರ. ಕಲಬುರಗಿಯ ಮುಂಜಾನೆ ಎಂಟೂವರೆ ಅಂದರೆ ತನಗೆ ರಾತ್ರಿ 9 ಎಂದು ಅವನಿಗೆ ಗೊತ್ತು, ಹಾಗಾಗಿ ರವಿವಾರ ರಾತ್ರಿ 9ಕ್ಕೆ ಅಲಾರಾಂ ಇಟ್ಟ. ಆ ಹೊತ್ತು ನಮಗೆ ಸೋಮವಾರ ಮುಂಜಾನೆ. ಮೆಲ್ಬರ್ನಿನಲ್ಲಿ ಮೆಸೇಜ್ ಬಂದದ್ದು ರವಿವಾರ ನಸುಕಿನ 4ಕ್ಕೆ, ಅಕ್ಕ ಓದಿದ್ದು ಎದ್ದ ಮೇಲೆ, 7ಕ್ಕೆ. ಅವಳ "ನಾಳೆ" ಅಂದರೆ ಸೋಮವಾರ. ಕಾಕಾ ಮಾತ್ರ ಸರಿಯಾಗಿ ಬಂದ, ಯಾಕಂದರೆ ದುಬೈಯಲ್ಲೂ ಆಗ ಶನಿವಾರ ರಾತ್ರಿಯೇ, 9 ಗಂಟೆ. ತಾಸುಗಳ ಲೆಕ್ಕ ಮೂವರೂ ಸರಿಯಾಗಿಯೇ ಹಾಕಿದ್ದರು. ಕೆಡಿಸಿದ್ದು "ನಾಳೆ" ಎಂಬ ಎರಡಕ್ಷರ.

ಅಲ್ಲಿಂದ ಇಲ್ಲಿಗೆ ಇಂಥ ಮೆಸೇಜನ್ನು ಹೇಗೆ ಬರೆಯಬೇಕೆಂದು ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. 2026ರ ಮಾರ್ಚ್ 8ರ ರವಿವಾರದ ಕಾಲ್ ಒಂದನ್ನೇ ಹಿಡಿದು ಅದನ್ನು ಬಿಡಿಸಿ ಹೇಳುತ್ತೇನೆ. ಆ ದಿನವನ್ನೇ ಆರಿಸಿದ್ದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ.

ಮೊದಲು ಒಂದು ಗಡಿಯಾರ ಹಿಡಿಯಿರಿ

ನಾಲ್ಕು ಊರಿನ ಟೈಮನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು ಹೊರಟರೆ ಯಾವುದೋ ಒಂದು ಜಾರುತ್ತದೆ. ಒಂದು ಊರಿನ ಗಡಿಯಾರವನ್ನು ಗೂಟ ಮಾಡಿಕೊಂಡು, ಉಳಿದವನ್ನು ಅದಕ್ಕೆ ಕಟ್ಟಬೇಕು. ನಮ್ಮ ಮನೆಯಲ್ಲಿ ಗೂಟ ಕಲಬುರಗಿ. ಆಯಿಗೆ ಲೆಕ್ಕ ಹಾಕುವ ಉಸಾಬರಿ ಬೇಡ ಎನ್ನುವುದು ಒಂದು. ಭಾರತದ ಗಡಿಯಾರ ವರ್ಷವಿಡೀ ಅಲುಗಾಡುವುದಿಲ್ಲ ಎನ್ನುವುದು ಇನ್ನೊಂದು. ದುಬೈ ಗಡಿಯಾರವೂ ಅಲುಗಾಡುವುದಿಲ್ಲ, ಯಾವ ತಿಂಗಳಲ್ಲಿ ನೋಡಿದರೂ ನಮಗಿಂತ ಒಂದೂವರೆ ತಾಸು ಹಿಂದೆ. ಡಲ್ಲಾಸ್ ಮತ್ತು ಮೆಲ್ಬರ್ನಿನ ಗಡಿಯಾರಗಳು ವರ್ಷಕ್ಕೆ ಎರಡು ಸಲ ಒಂದೊಂದು ತಾಸು ಸರಿಯುತ್ತವೆ. ಸರಿಯುವ ವಸ್ತುವಿಗೆ ದನ ಕಟ್ಟಬಾರದು.

ಈಗ ಎಲ್ಲರಿಗೂ ಒಗ್ಗುವ ಹೊತ್ತು ಹುಡುಕಬೇಕು. ರವಿವಾರ ಸಂಜೆ ಆರೂವರೆ ಅಂದರೆ ನಮಗೆ ಅನುಕೂಲ, ಡಲ್ಲಾಸಿನಲ್ಲೂ ಆಗ ಮುಂಜಾನೆ. ಆದರೆ ಮೆಲ್ಬರ್ನಿನಲ್ಲಿ ಆಗ ಸರಿಯಾಗಿ ನಡುರಾತ್ರಿ 12. ಅಕ್ಕನ ನಿದ್ದೆಯ ಮಾತು ಹಾಗಿರಲಿ, ರಾತ್ರಿ 12 ಅನ್ನುವುದೇ ಒಂದು ಬಲೆ. "ರವಿವಾರ ರಾತ್ರಿ 12" ಅಂದರೆ ರವಿವಾರ ಮುಗಿಯುವ 12ಓ, ರವಿವಾರ ಶುರುವಾಗುವ 12ಓ? ಎರಡಕ್ಕೂ ನಡುವೆ ಪೂರ್ತಿ ಒಂದು ದಿನ. ಯಾರ ಸಾಲಿನಲ್ಲಾದರೂ ರಾತ್ರಿ 12 ಬಂತೆಂದರೆ ನಾನು ಕಾಲನ್ನೇ ಒಂದು ಕಾಲು ತಾಸು ಮೊದಲಿಗೆ ಎಳೆಯುತ್ತೇನೆ. "ರವಿವಾರ ರಾತ್ರಿ 11:45" ಎಂದು ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾಗಿ ಮತ್ತೆ ಮುಂಜಾನೆ ಎಂಟೂವರೆಗೇ ಬಂದೆವು. ಆಗ ದುಬೈಯಲ್ಲಿ 7, ಮೆಲ್ಬರ್ನಿನಲ್ಲಿ ಮಧ್ಯಾಹ್ನ 2, ಡಲ್ಲಾಸಿನಲ್ಲಿ ಹಿಂದಿನ ದಿನದ ರಾತ್ರಿ 9. ದುಬೈಯಲ್ಲಿ 2022ರಿಂದ ವಾರದ ರಜೆ ಶನಿವಾರ, ರವಿವಾರಕ್ಕೆ ಬದಲಾಗಿರುವುದರಿಂದ ಕಾಕಾನಿಗೂ ಅಡ್ಡಿ ಇಲ್ಲ. ನಿಮ್ಮವರು ಸೌದಿಯಲ್ಲಿದ್ದರೆ ಅಲ್ಲಿ ರಜೆ ಶುಕ್ರವಾರ, ಶನಿವಾರ; ರವಿವಾರ ಅವರು ಕೆಲಸಕ್ಕೆ ಹೊರಟಿರುತ್ತಾರೆ. ಗಡಿಯಾರವೂ ಬೇರೆ, ಸೌದಿ ನಮಗಿಂತ ಎರಡೂವರೆ ತಾಸು ಹಿಂದೆ. "ಗಲ್ಫ್ ಟೈಮ್" ಎಂದು ಒಂದೇ ಮಾತಿನಲ್ಲಿ ಬರೆಯಬೇಡಿ.

ಲೆಕ್ಕ, ಮತ್ತು ಮೋಸ ಮಾಡುವ ಅರ್ಧ ತಾಸು

ಭಾರತದ ಟೈಮಿಗೆ ಒಂದು ಅರ್ಧ ತಾಸಿನ ಬಾಲ ಇದೆ. ಅಮೆರಿಕದಲ್ಲಿ ಬೆಳೆದ ಮಕ್ಕಳು, ಅಲ್ಲಿನವರನ್ನು ಮದುವೆಯಾದ ಅಳಿಯಂದಿರು ಹೆಚ್ಚಾಗಿ ಬಿಡುವುದು ಇದನ್ನೇ. ಡಲ್ಲಾಸಿಗೆ ನನ್ನ ಲೆಕ್ಕ ಸುಲಭದ್ದು. ಅಲ್ಲಿನ ಚಳಿಗಾಲದಲ್ಲಿ ನಮ್ಮ ಟೈಮನ್ನು ಹಗಲಿದ್ದದ್ದು ರಾತ್ರಿ, ರಾತ್ರಿ ಇದ್ದದ್ದು ಹಗಲು ಎಂದು ಮಗುಚಿ ಹಾಕಿ, ಅರ್ಧ ತಾಸು ಕೂಡಿಸಿ. ಮುಂಜಾನೆ 8:30 ಮಗುಚಿದರೆ ರಾತ್ರಿ 8:30, ಅರ್ಧ ಕೂಡಿಸಿದರೆ ರಾತ್ರಿ 9. ಅಲ್ಲಿನ ಬೇಸಿಗೆಯಲ್ಲಿ ಅರ್ಧದ ಬದಲು ಒಂದೂವರೆ ತಾಸು ಕೂಡಿಸಿ, ರಾತ್ರಿ 10 ಆಗುತ್ತದೆ. ನಮ್ಮ ಮುಂಜಾನೆಯನ್ನು ಮಗುಚಿದಾಗ ಸಿಗುವುದು ಅವರ ಹಿಂದಿನ ದಿನದ ರಾತ್ರಿ. ನಮ್ಮ ಸಂಜೆಯನ್ನು ಮಗುಚಿದಾಗ ಸಿಗುವುದು ಅದೇ ದಿನದ ಮುಂಜಾನೆ. ತಾಸು ಲೆಕ್ಕ ಹಾಕಿ ವಾರ ಮರೆತವರೇ ಜಾಸ್ತಿ, ಅದಕ್ಕೇ ಇದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ.

ಇಲ್ಲೊಂದು ಮಾತು: ಈ ಲೆಕ್ಕ ಡಲ್ಲಾಸಿನದ್ದು, ಇಡೀ ಅಮೆರಿಕದ್ದಲ್ಲ. ಟೆಕ್ಸಾಸ್ ರಾಜ್ಯದೊಳಗೇ ಪಶ್ಚಿಮದ ತುದಿಯ ಎಲ್ ಪಾಸೋ ಊರಿನ ಗಡಿಯಾರ ಡಲ್ಲಾಸಿಗಿಂತ ಒಂದು ತಾಸು ಹಿಂದೆ ಇದೆ. ಮೆಸೇಜಿನಲ್ಲಿ ದೇಶದ ಹೆಸರಾಗಲಿ, ರಾಜ್ಯದ ಹೆಸರಾಗಲಿ ಸಾಲದು. ಊರಿನ ಹೆಸರು ಬೇಕು.

ಮೂರಕ್ಷರದ ಸಂಕ್ಷೇಪಗಳನ್ನಂತೂ ನಾನು ಬಿಟ್ಟೇ ಬಿಟ್ಟಿದ್ದೇನೆ. IST ಅಂದರೆ ಭಾರತದ ಟೈಮ್ ಎಂದು ನಾವು ತಿಳಿದಿದ್ದೇವೆ, ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಟೈಮಿಗೆ ಅದೇ ಮೂರಕ್ಷರ ಬರೆಯುತ್ತಾರೆ. CST ಡಲ್ಲಾಸಿನ ಚಳಿಗಾಲದ ಟೈಮೂ ಹೌದು, ಚೀನಾದ ಟೈಮೂ ಹೌದು. ಇನ್ನೂ ಕೆಟ್ಟದ್ದೇನೆಂದರೆ, ಡಲ್ಲಾಸಿನವರು ಬೇಸಿಗೆಯಲ್ಲೂ ರೂಢಿ ಬಲದಿಂದ CST ಎಂದೇ ಬರೆಯುತ್ತಾರೆ, ಆಗ ಅಲ್ಲಿರುವುದು CDT. ಅಕ್ಷರ ನಂಬಿ ಲೆಕ್ಕ ಹಾಕಿದವನು ಒಂದು ತಾಸು ಆಚೀಚೆ. "ಡಲ್ಲಾಸ್ ಟೈಮ್" ಎಂದು ಬರೆದರೆ ಆ ದಿನ ಡಲ್ಲಾಸಿನ ಗೋಡೆಯ ಮೇಲೆ ಏನಿದೆಯೋ ಅದು ಎಂದೇ ಅರ್ಥ.

"ನಿಮ್ ಟೈಮ್", "ನಮ್ ಟೈಮ್" ಕೂಡ ಗ್ರೂಪಿನಲ್ಲಿ ನಡೆಯುವುದಿಲ್ಲ. ಇಬ್ಬರೇ ಇದ್ದಾಗ ಸರಿ. ನಾಲ್ಕು ಊರಿನವರು ಓದುವಲ್ಲಿ "ನಿಮ್ಮ" ಅಂದರೆ ಯಾರು?

ಮಾರ್ಚ್ 8ನ್ನು ಯಾಕೆ ಆರಿಸಿದೆ

ಅಮೆರಿಕದಲ್ಲಿ ಮಾರ್ಚಿನ ಎರಡನೇ ರವಿವಾರ ನಸುಕಿನ 2ಕ್ಕೆ ಗಡಿಯಾರವನ್ನು ಒಂದು ತಾಸು ಮುಂದೆ ತಳ್ಳುತ್ತಾರೆ, ನವೆಂಬರಿನ ಮೊದಲ ರವಿವಾರ ಹಿಂದಕ್ಕೆ ಎಳೆಯುತ್ತಾರೆ. 2007ರಿಂದ ಈ ಪದ್ಧತಿ. 2026ರಲ್ಲಿ ಆ ಎರಡನೇ ರವಿವಾರ ಮಾರ್ಚ್ 8. ನಮ್ಮಲ್ಲಿ ಹೋಳಿ ಮುಗಿದು ಶರಣಬಸವೇಶ್ವರ ಅಪ್ಪನ ಜಾತ್ರೆಯ ಗದ್ದಲ ಇರುವ ಕಾಲ; ಊರಿಗೆ ಬರಲಾಗದವರೆಲ್ಲ ತೇರು ತೋರಿಸಿರೆಂದು ಫೋನ್ ಮಾಡುವುದೂ ಆಗಲೇ.

ನಮ್ಮ ಕಾಲ್ ಇರುವುದು ಡಲ್ಲಾಸಿನ ಶನಿವಾರ, ಮಾರ್ಚ್ 7ರ ರಾತ್ರಿ 9ಕ್ಕೆ. ಗಡಿಯಾರ ಜಿಗಿಯುವುದು ಅದಾದ ಐದು ತಾಸಿಗೆ. ಹಾಗಾಗಿ ಹಳೇ ಲೆಕ್ಕವೇ ನಡೆಯುತ್ತದೆ. ಅದೇ ಕಾಲನ್ನು ನಮ್ಮ ರವಿವಾರ ಸಂಜೆ ಏಳೂವರೆಗೆ ಇಟ್ಟಿದ್ದರೆ? ಹಳೇ ಲೆಕ್ಕದಲ್ಲಿ ತಮ್ಮನಿಗೆ ರವಿವಾರ ಮುಂಜಾನೆ 8, ನಿಜಕ್ಕೂ 9. ಅವನು ಹನ್ನೊಂದು ತಾಸಿನ ಒಳಗೆ ಎರಡು ಬೇರೆ ಬೇರೆ ಲೆಕ್ಕದಲ್ಲಿ ಬದುಕಿರುತ್ತಾನೆ.

ಫೋನಿನ ವರ್ಲ್ಡ್ ಕ್ಲಾಕ್ ನೋಡಿ ಟೈಮ್ ಬರೆಯುವವರು ಬೀಳುವುದು ಈ ಹಳ್ಳದಲ್ಲೇ. ವರ್ಲ್ಡ್ ಕ್ಲಾಕ್ ತೋರಿಸುವುದು ಈ ಕ್ಷಣದ ಅಂತರ, ಕಾಲ್ ಇರುವ ದಿನದ ಅಂತರವಲ್ಲ. ಮಾರ್ಚ್ 6ರ ಶುಕ್ರವಾರ ನೋಡಿದರೆ ಡಲ್ಲಾಸ್ ಹನ್ನೊಂದೂವರೆ ತಾಸು ಹಿಂದೆ. ಮಾರ್ಚ್ 9ರ ಸೋಮವಾರ ನೋಡಿದರೆ ಹತ್ತೂವರೆ. ಶುಕ್ರವಾರ ನೋಡಿ ಮುಂದಿನ ವಾರದ ಕಾಲಿಗೆ ಟೈಮ್ ಬರೆದವನಿಗೆ ತಪ್ಪಿದ್ದು ಗೊತ್ತಾಗುವುದೂ ಇಲ್ಲ, ಯಾಕಂದರೆ ಫೋನು ಸುಳ್ಳು ಹೇಳಿಲ್ಲ.

ತಾಳೆ ನೋಡುವುದಕ್ಕೆ ಕ್ಯಾಲೆಂಡರ್ ಆಪ್ ಒಳ್ಳೆಯದು. ಕಾಲಿನ ದಿನದ ಮೇಲೆ ಒಂದು ಈವೆಂಟ್ ಮಾಡಿ, ಅದರ ಟೈಮ್ ಜೋನ್ ಭಾರತದ್ದೆಂದು ಇಟ್ಟು, ಡಲ್ಲಾಸಿನವರಿಗೆ ಇನ್‌ವೈಟ್ ಕಳಿಸಿ. ಅವರ ಫೋನಿನಲ್ಲಿ ಅದು ಆ ದಿನದ ಅವರೂರಿನ ಟೈಮಿನಲ್ಲೇ ಕಾಣುತ್ತದೆ, ಗಡಿಯಾರ ಸರಿದದ್ದನ್ನೂ ಲೆಕ್ಕಕ್ಕೆ ಹಿಡಿದು. ಕೆಲವು ಆಪುಗಳ ಪಟ್ಟಿಯಲ್ಲಿ ಕಲಬುರಗಿ, ಡಲ್ಲಾಸ್ ಎಂದು ಹುಡುಕಿದರೆ ಸಿಗುವುದಿಲ್ಲ. ನಮಗೆ `Asia/Kolkata`, ಡಲ್ಲಾಸಿಗೆ `America/Chicago` ಆರಿಸಬೇಕು. ಇನ್‌ವೈಟ್ ಇದ್ದ ಮೇಲೆ ಮೆಸೇಜ್ ಯಾಕೆ ಅನ್ನಬೇಡಿ. ನಮ್ಮ ಕಾಕಾ ಕ್ಯಾಲೆಂಡರ್ ತೆಗೆದದ್ದನ್ನು ನಾನು ಕಂಡಿಲ್ಲ, ಮನೆಮಂದಿ ಓದುವುದು ಗ್ರೂಪನ್ನೇ.

ಮೆಸೇಜ್

ಕೊನೆಗೆ ನಾನು ಬುಧವಾರ ಹಾಕಿದ್ದು ಇದು:

> ತಂಗಿ ನಿಶ್ಚಯದ ಮಾತಿಗೆ ಒಂದೇ ಕಾಲ್. ಕೆಳಗಿನ ನಾಲ್ಕೂ ಒಂದೇ ಹೊತ್ತು.
>
> ತಮ್ಮ, ಡಲ್ಲಾಸ್: ಶನಿವಾರ ಮಾರ್ಚ್ 7, ರಾತ್ರಿ 9:00
>
> ಕಾಕಾ, ದುಬೈ: ರವಿವಾರ ಮಾರ್ಚ್ 8, ಮುಂಜಾನಿ 7:00
>
> ಆಯಿ ಮತ್ತ ನಾವು, ಕಲಬುರಗಿ: ರವಿವಾರ ಮಾರ್ಚ್ 8, ಮುಂಜಾನಿ 8:30
>
> ಅಕ್ಕ, ಮೆಲ್ಬರ್ನ್: ರವಿವಾರ ಮಾರ್ಚ್ 8, ಮಧ್ಯಾಹ್ನ 2:00
>
> ಮೀಟ್ ಲಿಂಕ್ ಕೆಳಗ ಅದ. ಹೆಬ್ಬೆರಳು ಹಾಕಬ್ಯಾಡ್ರಿ. ನಿಮ್ಮ ಊರಾಗ ಯಾವ ವಾರ, ಎಷ್ಟು ಗಂಟಿ ಅಂತ ನೀವ ಬರದು ಕಳಸ್ರಿ.

"ಒಂದೇ ಹೊತ್ತು" ಎಂಬ ಸಾಲು ತಮಾಷೆಗೆ ಹಾಕಿದ್ದಲ್ಲ. ಮೊದಲ ಸಲ ಅದಿಲ್ಲದೆ ನಾಲ್ಕು ಟೈಮ್ ಬರೆದಾಗ, "ನಾಲ್ಕು ಸಲ ಯಾಕ ಕಾಲ್ ಮಾಡ್ತಿ?" ಎಂದು ಕಾಕಾನೇ ಕೇಳಿದ್ದ.

ಡಲ್ಲಾಸಿನ ಸಾಲು ಮೊದಲಿಗಿದೆ, ಯಾಕಂದರೆ ವಾರ ಬೇರೆ ಇರುವುದು ಅವನೊಬ್ಬನಿಗೇ. ತಪ್ಪುವ ಸಂಭವ ಯಾರಿಗೆ ಜಾಸ್ತಿಯೋ ಅವರ ಸಾಲು ಮೇಲೆ ಇರಲಿ. ನೋಟಿಫಿಕೇಶನ್ನಿನಲ್ಲಿ ಕಾಣುವುದು ಮೇಲಿನ ಒಂದೆರಡು ಸಾಲು ಮಾತ್ರ.

ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದದ್ದಕ್ಕೂ ಕಾರಣ ಇದೆ. ನಾವು 8/3 ಎಂದು ಬರೆದರೆ ಮಾರ್ಚ್ 8. ಅಮೆರಿಕದವರು ತಿಂಗಳನ್ನು ಮೊದಲು ಓದುತ್ತಾರೆ, ಅವರಿಗೆ ಅದು ಆಗಸ್ಟ್ 3. ವಾರ ಮತ್ತು ತಾರೀಖು ಎರಡನ್ನೂ ಬರೆದರೆ ಒಂದನ್ನೊಂದು ಕಾಯುತ್ತವೆ. ನಾನೇ ಎಲ್ಲಾದರೂ "ಶನಿವಾರ ಮಾರ್ಚ್ 8" ಎಂದು ತಪ್ಪಿ ಬರೆದರೆ ಕ್ಯಾಲೆಂಡರ್ ನೋಡಿದವರು ತಟ್ಟನೆ ಹಿಡಿಯುತ್ತಾರೆ.

ವಾರದ ಹೆಸರಿನಲ್ಲೂ ಒಂದು ತೊಡಕಿದೆ. ನಮ್ಮ ಕಡೆ ರವಿವಾರ, ಇಲ್ಲವೇ ಐತವಾರ. ಬೆಂಗಳೂರಿನ ಬೀಗರಿಗೆ ಭಾನುವಾರ. ದೊಡ್ಡವರಿಗೆ ಮೂರೂ ಗೊತ್ತು. ಮೆಲ್ಬರ್ನಿನಲ್ಲಿ ಹುಟ್ಟಿದ ಅಕ್ಕನ ಮಗನಿಗೆ ಒಂದೂ ಗೊತ್ತಿಲ್ಲ. ಅವನು ಫೋನ್ ಹಿಡಿದು ಅಮ್ಮನಿಗೆ ಓದಿ ಹೇಳುವ ಮನೆಯಾದರೆ "ಸಂಡೇ" ಎಂದೇ ಬರೆಯಿರಿ, ಭಾಷೆ ಏನೂ ಕೆಡುವುದಿಲ್ಲ.

"ಬರೋ ರವಿವಾರ", "ಮುಂದಿನ ರವಿವಾರ" ಮಾತ್ರ ಬೇಡ. ಗುರುವಾರ ಕುಳಿತು "ಮುಂದಿನ ರವಿವಾರ" ಅಂದರೆ ಮೂರು ದಿನಕ್ಕೋ ಹತ್ತು ದಿನಕ್ಕೋ ಎಂದು ನಮ್ಮ ಮನೆಯಲ್ಲೇ ಎರಡು ಪಕ್ಷಗಳಿವೆ.

ರಾತ್ರಿ ಒಂದು ಗಂಟೆ ಯಾವ ವಾರದ್ದು?

ಇದು ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು. ಗಡಿಯಾರದ ದಿನ ನಡುರಾತ್ರಿಗೆ ಬದಲಾಗುತ್ತದೆ. ನಮ್ಮ ಮಾತಿನ ದಿನ ಹಾಗಲ್ಲ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಆಯಿಯ ಲೆಕ್ಕವೂ ಅದೇ. ಬೆಳಕು ಹರಿಯುವ ತನಕ ಅವಳಿಗೆ ಶನಿವಾರದ ರಾತ್ರಿಯೇ ನಡೆದಿರುತ್ತದೆ. "ಶನಿವಾರ ರಾತ್ರಿ 1 ಗಂಟೆ" ಅಂದರೆ ನಮ್ಮಲ್ಲಿ ಎಲ್ಲರಿಗೂ ಶನಿವಾರ ಮಲಗುವ ರಾತ್ರಿ. ಗಡಿಯಾರಕ್ಕೆ ಅದು ರವಿವಾರ. ಫೋನಿನಲ್ಲಿ ಶನಿವಾರ 1:00ಕ್ಕೆ ಅಲಾರಾಂ ಇಟ್ಟವನು ಒಂದು ದಿನ ಮೊದಲೇ ಎದ್ದು ಕೂರುತ್ತಾನೆ.

ಇಂಥ ಹೊತ್ತನ್ನು ತಪ್ಪಿಸಲು ಆಗದೇ ಇದ್ದರೆ ಎರಡೂ ವಾರ ಬರೆಯಿರಿ: "ಶನಿವಾರ ಮಾರ್ಚ್ 14 ಮುಗಿದು ರವಿವಾರ ಮಾರ್ಚ್ 15 ಹತ್ತಿದ ಮ್ಯಾಲ, ರಾತ್ರಿ 1:00." ಉದ್ದವಾಯಿತು, ಆದರೆ ಇದನ್ನು ಎರಡು ರೀತಿ ಓದಲು ಬರುವುದಿಲ್ಲ. ನಸುಕಿನ 4, 5ಕ್ಕೂ ಇದೇ ಮಾತು. AM, PM ಮಾತ್ರ ನಂಬಿ ಬರೆಯುವುದಕ್ಕಿಂತ ನಸುಕು, ಮುಂಜಾನೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ನಮ್ಮ ಮಾತುಗಳೇ ಮೇಲು, ಯಾಕಂದರೆ ಒಂದಕ್ಷರ ತಪ್ಪಿ ಒತ್ತಿದರೆ ಹನ್ನೆರಡು ತಾಸು ಹೋಗುವ ಭಯ ಅವುಗಳಲ್ಲಿಲ್ಲ.

ಆಯಿಗೆ ಮಾತ್ರ ಇದ್ಯಾವುದೂ ಬೇಡ. "ರವಿವಾರ ಮುಂಜಾನಿ ಸುಸಲಾ ತಿಂದ ಮ್ಯಾಲ" ಎಂದು ಬಾಯಲ್ಲಿ ಹೇಳಿದರೆ ಸಾಕು, ಗಡಿಯಾರಕ್ಕಿಂತ ಮೊದಲೇ ಕೂತಿರುತ್ತಾಳೆ.

ಉತ್ತರ ಓದುವುದು

ಹೆಬ್ಬೆರಳು ಬಂದರೆ ಮೆಸೇಜ್ ಕಣ್ಣಿಗೆ ಬಿದ್ದಿದೆ ಎಂದಷ್ಟೇ ಅರ್ಥ. ಆ ಫೆಬ್ರುವರಿಯಲ್ಲೂ ಎಲ್ಲರ ಹೆಬ್ಬೆರಳು ಬಂದಿತ್ತು. ಈ ಸಲ ಅಕ್ಕ "ಸಂಡೇ 2" ಎಂದಳು, ಸರಿ. ಕಾಕಾ "ಬೆಳಿಗ್ಗೆ 7" ಎಂದ. ವಾರ ಇಲ್ಲ, ಮತ್ತೆ ಕೇಳಿದೆ. ತಮ್ಮ ಬರೆದದ್ದು "ರವಿವಾರ ರಾತ್ರಿ 9". ತಾಸು ಸರಿ, ವಾರ ತಪ್ಪು, ಹಳೇ ಹಳ್ಳವೇ. ಮೆಸೇಜಿನಲ್ಲಿ ಶನಿವಾರ ಎಂದು ಇದ್ದರೂ ತಲೆಯಲ್ಲಿ ರವಿವಾರದ ಕಾಲ್ ಎಂದೇ ಕೂತಿತ್ತು. ಬುಧವಾರವೇ ಸಿಕ್ಕಿಬಿದ್ದದ್ದರಿಂದ ತಿದ್ದಲು ಮೂರು ದಿನ ಸಿಕ್ಕಿತು. ಇದಕ್ಕೇ ಮೆಸೇಜನ್ನು ಹಿಂದಿನ ರಾತ್ರಿ ಹಾಕಬಾರದು.

ಟೈಮ್ ಬದಲಾದರೆ "ಒಂದು ತಾಸು ಮುಂದ ಹಾಕೂಣು" ಎಂದು ಬರೆಯಬೇಡಿ. ಮುಂದೆ ಅಂದರೆ ತಡವಾಗಿ ಎಂದು ನಾನು ಅಂದುಕೊಂಡರೆ, ಮೊದಲೇ ಎಂದು ಓದುವವರೂ ಇದ್ದಾರೆ. ನಾಲ್ಕೂ ಸಾಲು ಹೊಸದಾಗಿ ಬರೆದು, ಮೇಲೆ "ಹಿಂದಿನ ಟೈಮ್ ರದ್ದು" ಎಂದು ಹಾಕಿ, ಹಳೇ ಮೆಸೇಜನ್ನು ಎಲ್ಲರಿಗೂ ಅಳಿಸಿ. ಹಳೇದನ್ನೇ ಎಡಿಟ್ ಮಾಡಿದರೆ ಹೊಸ ಸದ್ದು ಬರುವುದಿಲ್ಲ. ಮೊದಲೇ ಓದಿದವರು ತಿರುಗಿ ನೋಡುವುದಿಲ್ಲ.

ಪ್ರತಿ ವಾರದ ಕಾಲ್ ಆದರೆ

ನಿಶ್ಚಯದ ಮಾತು ಒಂದೇ ವಾರಕ್ಕೆ ಮುಗಿಯಲಿಲ್ಲ, ಪ್ರತಿ ರವಿವಾರ ಎಂದಾಯಿತು. "ಪ್ರತಿ ವಾರ ಇದೇ ಟೈಮ್" ಎಂದು ಬರೆದರೆ ಯಾರ ಟೈಮ್ ಗಟ್ಟಿ, ಯಾರದ್ದು ಸರಿಯುತ್ತದೆ ಎಂದು ಹೇಳಿದಂತಾಗುವುದಿಲ್ಲ. ನಾನು ಬರೆದದ್ದು: "ಕಲಬುರಗಿ ರವಿವಾರ ಮುಂಜಾನಿ 8:30 ಗಟ್ಟಿ. ಉಳದವರ ಟೈಮ್ ಬದಲಾದ್ರ ಹಿಂದಿನ ಬುಧವಾರ ತಿಳಸ್ತೀನಿ."

ಆ ಪ್ರಕಾರ ಎರಡನೇ ಕಾಲಿಗೇ, ಡಲ್ಲಾಸಿನ ಸಾಲು ಶನಿವಾರ ಮಾರ್ಚ್ 14, ರಾತ್ರಿ 10:00 ಆಗುತ್ತದೆ. ಮೆಲ್ಬರ್ನಿನ ಗಡಿಯಾರ ಹಿಂದೆ ಸರಿಯುವುದು ಏಪ್ರಿಲಿನ ಮೊದಲ ರವಿವಾರ, 2026ರಲ್ಲಿ ಏಪ್ರಿಲ್ 5, ಅದೂ ನಸುಕಿನಲ್ಲೇ. ಆ ದಿನದ ಕಾಲಿನಿಂದ ಅಕ್ಕನಿಗೆ ಮಧ್ಯಾಹ್ನ 2ರ ಬದಲು 1. ಅಕ್ಟೋಬರ್ 4ರಿಂದ ಅವಳಿಗೆ ಮತ್ತೆ 2. ತಮ್ಮನ ಗಡಿಯಾರ ನವೆಂಬರ್ 1ರ ರವಿವಾರ ನಸುಕಿಗೆ ಹಿಂದೆ ಸರಿಯುತ್ತದೆ, ಆದರೆ ನಮ್ಮ ಆ ರವಿವಾರದ ಕಾಲ್ ಅವನಿಗೆ ಅದಕ್ಕೂ ಮೊದಲಿನ ಶನಿವಾರ ರಾತ್ರಿ ಬರುವುದರಿಂದ ಅದು 10ಕ್ಕೇ. 9ಕ್ಕೆ ಇಳಿಯುವುದು ಅದರ ಮುಂದಿನ ಕಾಲಿನಿಂದ. ದುಬೈಯ 7 ಎಲ್ಲಿಯೂ ಅಲುಗುವುದಿಲ್ಲ. ಈ ತಾರೀಖುಗಳನ್ನು ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತು ಮಾಡಿದ್ದೇನೆ.